ಬಿಲ್ ಫೋಟೋದಿಂದ ಲೆಕ್ಕ ಎತ್ತೋಕೆ ಮೂರು ದಾರಿ ಟ್ರೈ ಮಾಡ್ದೆ, ಯಾವ್ದು ಎಲ್ಲಿ ಎಡವುತ್ತೆ ನೋಡಿ

ನಮ್ಮ ಮಾವಂದು ಪ್ಲಂಬಿಂಗ್ ಸಾಮಾನಿನ ಅಂಗಡಿ, ಪರ್ಚೇಸ್ ಬಿಲ್‌ಗಳನ್ನ ಅವ್ರು ಫೋಟೋ ತೆಗ್ದು ವಾಟ್ಸಾಪ್ ಮಾಡ್ತಾರೆ, ನಾನು ಶೀಟಿಗೆ ಹಾಕ್ಬೇಕು. ಕೈಯಲ್ಲಿ ಟೈಪ್ ಮಾಡಿ ಸಾಕಾಗಿ ಫೋಟೋದಲ್ಲಿರೋ ಅಕ್ಷರ ಓದೋ ಟೆಸರಾಕ್ಟ್ ಪ್ರೋಗ್ರಾಂ, ಗೂಗಲ್ ಲೆನ್ಸ್, ಫೋಟೋ ಓದೋ ಎಐ ಮಾಡೆಲ್ ಮೂರನ್ನೂ ಒಂದೇ ಬಿಲ್ ಮೇಲೆ ಓಡಿಸ್ದೆ.

ಬಿಲ್ ಚಿಕ್ಕದೇ. ಪೈಪ್ 12 ಪೀಸ್, ರೇಟ್ 185, ಮೊತ್ತ 2220. ಎಲ್ಬೋ 50, 18.50ರ ಹಾಗೆ 925. ಬಾಲ್ ವಾಲ್ವ್ 8, ರೇಟ್ 240, 5% ಡಿಸ್ಕೌಂಟ್ ಕಳೆದು 1824. ಸಾಲ್ವೆಂಟ್ 6 ಡಬ್ಬಿ, 135ರಂತೆ 810. ಕೂಡಿದ್ರೆ 5779, ಅದರ ಮೇಲೆ ಸಿಜಿಎಸ್‌ಟಿ 520.11, ಎಸ್‌ಜಿಎಸ್‌ಟಿ 520.11, ಪೈಸೆ ರೌಂಡ್ ಆಫ್ ಆಗಿ 6819.

ತಾಳೆ ನೋಡೋಕೆ ಮೂರಕ್ಕೂ ಒಂದೇ ಫಾರ್ಮುಲಾ ಇಟ್ಕೊಂಡೆ. B ಸಂಖ್ಯೆ, C ರೇಟ್, D ಡಿಸ್ಕೌಂಟ್, E ಬಿಲ್ಲಲ್ಲಿ ಇರೋ ಮೊತ್ತ. ಸೊನ್ನೆ ಬಂದ್ರೆ ಆ ಸಾಲು ಸರಿ.

```
=ROUND(B2*C2*(1-D2/100),2)-E2
```

ಟೆಸರಾಕ್ಟ್ ಫ್ರೀ, ಇಂಟರ್ನೆಟ್ ಬೇಡ. ಆದ್ರೆ ಹಾಗೇ ಓಡಿಸಿದ್ರೆ ಹೆಸರೆಲ್ಲ ಒಂದು ಕಡೆ, ಅಂಕಿಯೆಲ್ಲ ಇನ್ನೊಂದು ಕಡೆ ಬಂತು, ಇಡೀ ಫೋಟೋನ ಒಂದೇ ಬ್ಲಾಕ್ ಅಂತ ಓದು ಅನ್ನೋ `--psm 6` ಹಾಕಿದ್ಮೇಲೆ ಸಾಲು ಸಾಲಾಗಿ ಬಂತು. ಕಾಟ ಕೊಟ್ಟಿದ್ದು ಟೇಬಲ್ ಗೆರೆ: 12ರ ಪಕ್ಕದ ಗೆರೆನ 1 ಅಂತ ಓದಿ 112 ಮಾಡ್ತು. 18.50ರಲ್ಲಿ ಚುಕ್ಕಿ ಹೋಗಿ 1850 ಆಯ್ತು. ಆದ್ರೆ ಈ ತಪ್ಪು ಅಡಗಿ ಕೂರಲ್ಲ, 112 ಇಂಟು 185 ಅಂದ್ರೆ 20720, ಬಿಲ್ಲಲ್ಲಿ 2220, ಫಾರ್ಮುಲಾ ತಕ್ಷಣ ಹಿಡೀತು. ಮಾವ ವಾಟ್ಸಾಪಲ್ಲಿ ಫೋಟೋನ ಡಾಕ್ಯುಮೆಂಟ್ ಆಗಿ ಕಳಿಸೋಕೆ ಶುರು ಮಾಡಿದ್ಮೇಲೆ ಚುಕ್ಕಿ ಹೋಗೋದು ಕಮ್ಮಿ ಆಯ್ತು, ಮಾಮೂಲಿಯಾಗಿ ಕಳಿಸಿದ್ರೆ ಅದು ಫೋಟೋನ ಕುಗ್ಗಿಸಿಬಿಡುತ್ತೆ.

ಲೆನ್ಸ್ ಅಂಕಿ ಓದೋದ್ರಲ್ಲಿ ಟೆಸರಾಕ್ಟ್‌ಗಿಂತ ಎಷ್ಟೋ ವಾಸಿ. ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಮಾತ್ರ ಕಾಲಂ ಜಾರುತ್ತೆ, ಡಿಸ್ಕೌಂಟ್ ಕಾಲಮಲ್ಲಿ ಒಂದೇ ಒಂದು 5 ಇತ್ತಲ್ಲ, ಅದು ವಾಲ್ವ್ ಬಿಟ್ಟು ಪೈಪ್ ಸಾಲಿಗೆ ಹೋಗಿ ಕೂತ್ಕೊಂಡ್ತು, ಪೈಪಲ್ಲಿ 111 ಕಮ್ಮಿ, ವಾಲ್ವಲ್ಲಿ 96 ಜಾಸ್ತಿ ತೋರಿಸ್ತು. ಎರಡು ಸಾಲು ಒಟ್ಟಿಗೆ ಕೆಟ್ರೆ ನಾನೀಗ ಮೊದ್ಲು ನೋಡೋದು ಡಿಸ್ಕೌಂಟ್ ಕಾಲಮನ್ನೇ.

ಎಐ ಮಾಡೆಲ್ ಔಟ್‌ಪುಟ್ ನೋಡಿದ್ರೆ ಖುಷಿ ಆಗುತ್ತೆ, ನಾಲ್ಕೂ ಸಾಲು ನೀಟಾಗಿ, ಎಲ್ಲಾ ಸೊನ್ನೆ. ಆಮೇಲೆ ವಾಲ್ವ್ ಸಾಲು ನೋಡ್ತೀನಿ, ರೇಟ್ 228, ಡಿಸ್ಕೌಂಟ್ ಖಾಲಿ! ಡಿಸ್ಕೌಂಟ್ ಅದೇ ಕಳೆದುಬಿಟ್ಟಿದೆ, 8 ಇಂಟು 228 ಅಂದ್ರೂ 1824 ಅಲ್ವಾ, ಹಂಗಾಗಿ ಲೆಕ್ಕ ತಾಳೆ ಆಯ್ತು, ಆದ್ರೆ ಬಿಲ್ಲಲ್ಲಿ 228 ಅನ್ನೋ ಅಂಕಿನೇ ಇಲ್ಲ. ಇನ್ನೊಂದು ಕೈಬರಹದ ಬಿಲ್ಲಲ್ಲಿ ಇನ್ನೂ ಕೆಟ್ಟದಾಯ್ತು. ಐಟಂಗಳನ್ನ ಕೂಡಿದ್ರೆ 3640, ಅಂಗಡಿಯವ್ರು ಅಂಕಿ ಹಿಂದೆಮುಂದೆ ಮಾಡಿ ಕೆಳಗೆ 3460 ಅಂತ ಬರ್ದಿದ್ರು, ಮಾಡೆಲ್ ಕೊಟ್ಟಿದ್ದು 3640. ನನಗೆ ಬೇಕಾಗಿದ್ದೇ ಆ ತಪ್ಪು ಸಿಗೋದು, ಅದನ್ನೇ ಅದು ಒರೆಸಿ ಹಾಕ್ತು. ಈಗ ಟೋಟಲ್ ಒಂದನ್ನ ಕಾಗದ ನೋಡಿ ನಾನೇ ಕೈಯಾರೆ ಟೈಪ್ ಮಾಡ್ತೀನಿ, ಕೂಡೋ ಕೆಲಸ ಶೀಟೇ ಮಾಡ್ಲಿ. (ವ್ಯತ್ಯಾಸ 180, 9ರಿಂದ ಭಾಗ ಆಗುತ್ತೆ. ಹಂಗಿದ್ರೆ ಪಕ್ಕಪಕ್ಕದ ಅಂಕಿ ಅದಲು ಬದಲಾಗಿರೋ ಚಾನ್ಸ್ ಇದೆ ಅಂತ ಹಳೇ ಲೆಕ್ಕದವರೆಲ್ಲ ಹೇಳ್ತಾರೆ, ನಿಜ.)

ಫೋಟೋದಲ್ಲಿ ಕೊನೇ ಸಾಲು ಮಡಿಕೆಯಲ್ಲಿ ಸೇರಿಹೋದ್ರೆ ಸಾಲಿನ ಫಾರ್ಮುಲಾಗೆ ಗೊತ್ತಾಗಲ್ಲ, ಮಿಕ್ಕ ಮೂರೂ ಸೊನ್ನೆನೇ ತೋರಿಸುತ್ತೆ. ಶೀಟ್ ಕೂಡಿದ ಮೊತ್ತ ಮಾತ್ರ 5779 ಬದ್ಲು 4969 ಬರುತ್ತೆ, ಕಮ್ಮಿ ಬಿದ್ದ ಆ 810 ಅಂದ್ರೆ ಸಾಲ್ವೆಂಟೇ. ಅದಕ್ಕೇ ಸಾಲಿನ ತಾಳೆ, ಒಟ್ಟು ತಾಳೆ ಎರಡೂ ಬೇಕು. ಎರಡಕ್ಕೂ ಸಿಗದ ತಪ್ಪು ಸಂಖ್ಯೆ-ರೇಟ್ ಅದಲು ಬದಲಾಗೋದು, 12 ಪೈಪ್ 185ಕ್ಕೆ ಅಂದ್ರೂ 185 ಪೈಪ್ 12ಕ್ಕೆ ಅಂದ್ರೂ 2220ನೇ, ಸ್ಟಾಕಲ್ಲಿ ಮಾತ್ರ 173 ಪೈಪ್ ಜಾಸ್ತಿ.

ಹಾಗಾಗಿ ಒಂದೆರಡು ಬಿಲ್ ಇದ್ರೆ ನಾನು ಲೆನ್ಸೇ ಬಳಸ್ತೀನಿ. ಒಂದೇ ಸಪ್ಲೈಯರ್‌ದು ಅದೇ ಪ್ರಿಂಟ್ ತಿಂಗಳು ತಿಂಗಳು ಬರೋದಾದ್ರೆ ಟೆಸರಾಕ್ಟ್, ಅದರ ತಪ್ಪು ಕಣ್ಣಿಗೆ ಹೊಡೆಯುತ್ತೆ ಅನ್ನೋದೇ ನನಗೆ ದೊಡ್ಡ ಗುಣ. ಬೇರೆ ಬೇರೆ ಕಡೆಯಿಂದ ಬಂದ ಕಂತೆ ಆದ್ರೆ ಮಾಡೆಲ್, ಆದ್ರೆ ರೇಟ್ ಕಾಲಂ ಪಕ್ಕ ಹಿಂದಿನ ಬಿಲ್ಲಿನ ರೇಟ್ ಇಟ್ಕೊಂಡು. 240 ಇದ್ದಿದ್ದು 228 ಆಗಿದ್ರೆ, 185 ಇದ್ದಿದ್ದು 12 ಆಗಿದ್ರೆ, ಅಲ್ಲೇ ನಿಂತು ಫೋಟೋ ಓಪನ್ ಮಾಡಿ ನೋಡ್ತೀನಿ.