ಪರದೆಗೆ ಬೀಗ ಹಾಕಿದೆ, ಅಂಗಡಿ ಬಾಗಿಲು ಹಾಗೇ ಬಿಟ್ಟೆ

ಮಗುವಿಗೆ ಆಂಡ್ರಾಯ್ಡ್ ಟ್ಯಾಬ್ ಕೊಟ್ಟಿದ್ದೀರಾ? ಹಾಗಿದ್ದರೆ ಅದರ ಪ್ಲೇ ಸ್ಟೋರ್ ತೆರೆದು, ಬಲಗಡೆ ಮೇಲಿರುವ ಚಿತ್ರ ಯಾರದ್ದು ನೋಡಿ. ನಿಮ್ಮದೇ ಆಗಿದ್ದರೆ ಮುಂದೆ ಓದಿ. ನಮ್ಮ ಮನೆಯಲ್ಲಿ ಅದು ನನ್ನದೇ ಆಗಿತ್ತು. ಅರ್ಧ ಗಂಟೆಯೊಳಗೆ 1,777 ರೂಪಾಯಿ ಹೋಯಿತು.

ಮಗನಿಗೆ ಒಂಬತ್ತು ವರ್ಷ. ಬೇಸಿಗೆ ರಜೆಗೆ ಅಂತ ಟ್ಯಾಬ್ ತಂದೆವು. ಡಬ್ಬಿ ಬಿಚ್ಚಿದ ಕೂಡಲೇ ಅದು ಗೂಗಲ್ ಖಾತೆ ಕೇಳಿತು. ನನ್ನ ಜಿಮೇಲ್ ಹಾಕಿಬಿಟ್ಟೆ, ಸುಮ್ನೆ ಬೇಗ ಆಗಲಿ ಅಂತ. ಆಮೇಲೆ ಪ್ಲೇ ಸ್ಟೋರಿನಿಂದ ಒಂದು ಬೀಗದ ಆ್ಯಪ್ ಇಳಿಸಿದೆ. ದಿನಕ್ಕೆ ಒಂದು ಗಂಟೆ, ಅದು ಮುಗಿದರೆ ಪರದೆ ಮುಚ್ಚುತ್ತದೆ, ತೆರೆಯಲು ನನ್ನ ಪಿನ್ ಬೇಕು. ನೆಮ್ಮದಿಯಾಗಿದ್ದೆ. ಕಾರ್ಡ್ ಉಳಿಸಿಟ್ಟಿದ್ದರೂ ಒಟಿಪಿ ಇಲ್ಲದೆ ದುಡ್ಡು ಹೋಗಲ್ಲ, ಒಟಿಪಿ ಬರುವುದು ನನ್ನ ಫೋನಿಗೆ, ಇನ್ನೇನು ಭಯ ಅಂದುಕೊಂಡಿದ್ದೆ.

ಆದರೆ ಪ್ಲೇ ಬ್ಯಾಲೆನ್ಸಿಗೆ ಒಟಿಪಿ ಇಲ್ಲ. ತಮ್ಮ ಕೊಟ್ಟಿದ್ದ ಎರಡು ಗಿಫ್ಟ್ ಕೋಡ್‌ಗಳಿಂದ ನನ್ನ ಖಾತೆಯಲ್ಲಿ 2,000 ರೂಪಾಯಿ ಕೂತಿತ್ತು. ಅದು ಬ್ಯಾಂಕಿನ ದುಡ್ಡಲ್ಲ, ಆಗಲೇ ಸ್ಟೋರಿನ ಒಳಗಿರುವ ದುಡ್ಡು. ಹಾಗಾಗಿ ಖರ್ಚಾಗುವಾಗ ಬ್ಯಾಂಕಿಗೆ ಗೊತ್ತೇ ಆಗುವುದಿಲ್ಲ.

ಒಂದು ದಿನ ಸಂಜೆ ನಾಲ್ಕು ಗಂಟೆಗೆ ಮಗ ಬಂದು "ಅಮ್ಮಾ, ಆಟದಲ್ಲಿ 89 ರೂಪಾಯಿದು ಒಂದೇ ಒಂದು" ಅಂದ. ಪರೀಕ್ಷೆ ಚೆನ್ನಾಗಿ ಮಾಡಿದ್ದ, ಇರಲಿ ಅಂತ ನಾನೇ ಪಾಸ್‌ವರ್ಡ್ ಒತ್ತಿ ಕೊಡಿಸಿದೆ. ಟ್ಯಾಬ್ ಅವನ ಕೈಗೆ ಕೊಟ್ಟು ಅಡುಗೆ ಮನೆಗೆ ಹೋದೆ. ಇಪ್ಪತ್ತೈದು ನಿಮಿಷದೊಳಗೆ 449, ಮತ್ತೆ 449, ಆಮೇಲೆ 879. ಒಂದು ಸಲವೂ ಪಾಸ್‌ವರ್ಡ್ ಕೇಳಲಿಲ್ಲ. ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಖರೀದಿಗೆ ಪಾಸ್‌ವರ್ಡ್ ಯಾವಾಗ ಕೇಳಬೇಕು ಅನ್ನುವ ಜಾಗ ಇದೆ. ನನ್ನದರಲ್ಲಿ ಅದು `Every 30 minutes` ಅಂತ ಇತ್ತು. ಅಂದರೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಮುಂದಿನ ಅರ್ಧ ಗಂಟೆ ಬಾಗಿಲು ತೆರೆದೇ ಇರುತ್ತದೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆಂದೇ ಮಾಡಿದ ಆಟಗಳಲ್ಲಿ ಪ್ರತಿ ಸಲ ಕೇಳುತ್ತದೆ. ಇವನು ಆಡುತ್ತಿದ್ದದ್ದು ಆ ಗುಂಪಿನದ್ದಲ್ಲ.

ರಾತ್ರಿ ಜಿಮೇಲ್ ನೋಡಿದರೆ ಸಾಲಾಗಿ ನಾಲ್ಕು ರಸೀದಿ. ಬ್ಯಾಲೆನ್ಸ್ 134 ರೂಪಾಯಿ. ಅವನನ್ನು ಕೇಳಿದರೆ "ನೀನೇ ಒತ್ತಿದೆಯಲ್ಲಾ ಅಮ್ಮಾ, ಅದು ಫ್ರೀ ಆಯ್ತು ಅಂದುಕೊಂಡೆ" ಅಂದ. ಅವನ ಮಟ್ಟಿಗೆ ಅದು ನಿಜವೇ. ಮರುದಿನವೇ ಪ್ಲೇ ಸ್ಟೋರಿನಲ್ಲಿ ವಾಪಸಿಗೆ ಅರ್ಜಿ ಹಾಕಿದೆ. ಇದನ್ನು 48 ಗಂಟೆಯೊಳಗೆ ಮಾಡಬೇಕು, ತಡವಾದರೆ ಆಟ ಮಾಡಿದವರನ್ನೇ ಕೇಳಿ ಅನ್ನುತ್ತಾರೆ. 879 ವಾಪಸ್ ಬಂತು, ಉಳಿದದ್ದು ಬರಲಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ ಹೊಳೆಯಿತು. ಅವನ ಒಂದು ಗಂಟೆ ಮಧ್ಯಾಹ್ನವೇ ಮುಗಿದಿತ್ತು. ಹಾಗಾದರೆ ನಾಲ್ಕು ಗಂಟೆಗೆ ಆಟ ಹೇಗೆ ತೆರೆಯಿತು?

ಬೀಗದ ಆ್ಯಪ್ ಇತ್ತು, ಐಕಾನ್ ಜಾಗದಲ್ಲೇ ಇತ್ತು. ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಎರಡು ವಾರದ ಹಿಂದೆ ಅವನ ಅತ್ತೆ ಮಗ ಬಂದು ಹೋಗಿದ್ದ, ಎಂಟನೇ ಕ್ಲಾಸಿನ ಹುಡುಗ. ಅವನು ಕಲಿಸಿದ್ದು ಇಷ್ಟೇ: ಪವರ್ ಬಟನ್ ಒತ್ತಿ, ಆಮೇಲೆ ಬರುವ `Power off` ಮೇಲೆ ಬೆರಳಿಟ್ಟು ಹಾಗೇ ಹಿಡಿದುಕೊಳ್ಳುವುದು. ಟ್ಯಾಬ್ ಸೇಫ್ ಮೋಡಿನಲ್ಲಿ ಎದ್ದು ಬರುತ್ತದೆ. ಅಲ್ಲಿ ನಾವು ಇಳಿಸಿಕೊಂಡ ಯಾವ ಆ್ಯಪ್ ಕೂಡ ಓಡುವುದಿಲ್ಲ. ಬೀಗದ ಆ್ಯಪ್ ಕೂಡ ನಾವು ಇಳಿಸಿದ್ದೇ ಅಲ್ವಾ? ಅದು ಮಲಗಿರುವಾಗ ಸೆಟ್ಟಿಂಗ್ಸಿಗೆ ಹೋಗಿ ಅದಕ್ಕೆ ಕೊಟ್ಟಿದ್ದ ಅನುಮತಿ ತೆಗೆದು, ಮಾಮೂಲಿಯಾಗಿ ಮತ್ತೆ ಆನ್ ಮಾಡಿದ್ದಾರೆ. ಅತ್ತೆ ಮಗ ಬಂದಿದ್ದ ದಿನ ಪರದೆಯ ಕೆಳಗೆ ಎಡಮೂಲೆಯಲ್ಲಿ `Safe mode` ಅಂತ ಬರೆದಿದ್ದನ್ನು ನಾನೇ ನೋಡಿದ್ದೆ. ಏನೋ ಅಪ್‌ಡೇಟ್ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ! ನಿಮ್ಮ ಟ್ಯಾಬಿನಲ್ಲಿ ಆ ಅಕ್ಷರ ಕಂಡರೆ ಆಗಲೇ ವಿಚಾರಿಸಿ.

ಎಲ್ಲಾ ಅಳಿಸಿ ಮೊದಲಿನಿಂದ ಮಾಡಿದೆವು. ಮಕ್ಕಳ ಖಾತೆಯ ಉಸ್ತುವಾರಿಗೆಂದು ಇರುವ ಗೂಗಲ್ಲಿನದೇ ಆ್ಯಪ್ ಫ್ಯಾಮಿಲಿ ಲಿಂಕ್ ನನ್ನ ಫೋನಿಗೆ ಹಾಕಿಕೊಂಡು, ಅದರಿಂದಲೇ ಮಗನ ಹೆಸರಲ್ಲಿ ಬೇರೆ ಜಿಮೇಲ್ ಮಾಡಿದೆ. ಇಲ್ಲಿ ಅವನು ಹುಟ್ಟಿದ ನಿಜವಾದ ವರ್ಷವನ್ನೇ ಹಾಕಬೇಕು. ಕಿರಿಕಿರಿ ಬೇಡ ಅಂತ ದೊಡ್ಡವರ ವಯಸ್ಸು ಹಾಕಿ ಖಾತೆ ಮಾಡಿರುವವರು ಜಾಸ್ತಿ ಜನ ಇದ್ದಾರೆ, ನನ್ನ ಅಕ್ಕನೂ ಹಾಗೇ ಮಾಡಿದ್ದಳು. ಹದಿನೆಂಟು ದಾಟಿದ ಖಾತೆಯನ್ನು ಫ್ಯಾಮಿಲಿ ಲಿಂಕ್ ಉಸ್ತುವಾರಿಗೆ ತೆಗೆದುಕೊಳ್ಳುವುದಿಲ್ಲ. ಅವಳು ಮಗಳಿಗೆ ಹೊಸ ಖಾತೆಯನ್ನೇ ಮಾಡಬೇಕಾಯಿತು.

ಟ್ಯಾಬಿಗೆ ಮಗನ ಖಾತೆ ಹಾಕುವಾಗ ಮಧ್ಯದಲ್ಲಿ ಒಮ್ಮೆ ನನ್ನ ಪಾಸ್‌ವರ್ಡ್ ಕೇಳಿತು. ಅದು ಒಪ್ಪಿಗೆಗೆ ಮಾತ್ರ, ನನ್ನ ಖಾತೆ ಟ್ಯಾಬಿನಲ್ಲಿ ಕೂರುವುದಿಲ್ಲ. ಮುಗಿದ ಮೇಲೆ ಸೆಟ್ಟಿಂಗ್ಸಿನಲ್ಲಿ ಖಾತೆಗಳ ಪಟ್ಟಿ ನೋಡಿದೆ, ಅವನದ್ದೊಂದೇ ಇತ್ತು. ಹಾಗೇ ಇರಬೇಕು. "ಯೂಟ್ಯೂಬ್ ನೋಡೋಕೆ ನಂದೂ ಒಂದು ಇರಲಿ" ಅಂತ ನಮ್ಮನೆಯವರು ಅಂದರು, ಬೇಡವೇ ಬೇಡ ಅಂದೆ. ದೊಡ್ಡವರ ಖಾತೆ ಅಲ್ಲಿದ್ದರೆ ಪ್ಲೇ ಸ್ಟೋರಿನಲ್ಲಿ ಚಿತ್ರ ಒತ್ತಿ ಅದಕ್ಕೆ ಬದಲಾಯಿಸಿಕೊಳ್ಳಬಹುದು, ಆಮೇಲೆ ಒಪ್ಪಿಗೆ ಕೇಳುವ ಮಾತೇ ಇಲ್ಲ.

ಫ್ಯಾಮಿಲಿ ಲಿಂಕಿನ ಒಪ್ಪಿಗೆಯ ಜಾಗದಲ್ಲಿ `All content` ಇಟ್ಟಿದ್ದೇನೆ. ಪುಕ್ಕಟೆ ಆ್ಯಪ್ ಬೇಕೆಂದರೂ ನನ್ನ ಫೋನಿಗೆ ಕೇಳಿಕೆ ಬರುತ್ತದೆ. ಆದರೆ ಒಮ್ಮೆ ಇಳಿಸಿದ್ದ ಆ್ಯಪನ್ನು ಅಳಿಸಿ ಮತ್ತೆ ಇಳಿಸಿದರೆ ಕೇಳುವುದಿಲ್ಲ. ಬೇಡ ಅಂತ ನಾನು ಅಳಿಸಿದ್ದ ಆಟ ಮರುದಿನ ವಾಪಸ್ ಬಂದಿತ್ತು. ಅಂಥದ್ದನ್ನು ಅಳಿಸಿದರೆ ಸಾಲದು, ಫ್ಯಾಮಿಲಿ ಲಿಂಕಿನ ಆ್ಯಪ್ ಪಟ್ಟಿಯಲ್ಲಿ ತಡೆಹಿಡಿಯಬೇಕು.

ಸಮಯದ ಬೀಗವೂ ಈಗ ಅದರಲ್ಲೇ. ಬೇರೆ ಬೀಗದ ಆ್ಯಪ್ ತೆಗೆದುಹಾಕಿದೆ. ಅಜ್ಜಿ ಮನೆಯಲ್ಲಿ ವೈಫೈ ಇಲ್ಲದಾಗ ಟ್ಯಾಬ್ ಮುಚ್ಚಿಕೊಂಡು ಅವನು ರಂಪ ಮಾಡಿದ. ನನ್ನ ಫೋನಿನ ಫ್ಯಾಮಿಲಿ ಲಿಂಕಿನಲ್ಲಿ ಪೋಷಕರ ಕೋಡ್ ಇರುತ್ತದೆ, ಅದನ್ನು ಟ್ಯಾಬಿನಲ್ಲಿ ಒತ್ತಿದರೆ ನೆಟ್ ಇಲ್ಲದೆಯೂ ತೆರೆಯುತ್ತದೆ. ಆ ಕೋಡ್ ಬದಲಾಗುತ್ತಾ ಇರುತ್ತದೆ, ಹಾಗಾಗಿ ಅವನು ಬಾಯಿಪಾಠ ಮಾಡಿಕೊಂಡರೂ ಪ್ರಯೋಜನ ಇಲ್ಲ.

ಒಂದು ನಷ್ಟ ಮಾತ್ರ ಸರಿಹೋಗಲಿಲ್ಲ. ಆಟದಲ್ಲಿ ಅವನು ಏರಿದ್ದ ಮಟ್ಟವೆಲ್ಲ ನನ್ನ ಖಾತೆಯಲ್ಲಿತ್ತು. ಹೊಸ ಖಾತೆಗೆ ಅದು ಬರಲಿಲ್ಲ, ಆಟದೊಳಗೆ ಕೊಂಡ ಸಾಮಾನೂ ಬರಲಿಲ್ಲ. ಎರಡು ದಿನ ಮಾತು ಬಿಟ್ಟಿದ್ದ. ಮೊದಲ ದಿನವೇ ಅವನ ಖಾತೆ ಮಾಡಿದ್ದರೆ ಆ ಜಗಳವೂ ಇರುತ್ತಿರಲಿಲ್ಲ. ನಿನ್ನೆ ತರಕಾರಿ ಅಂಗಡಿಯಲ್ಲಿದ್ದಾಗ ಫೋನು ಟಣ್ ಅಂದಿತು, ಅವನ ಕೇಳಿಕೆ, 89 ರೂಪಾಯಿದು. ಮನೆಗೆ ಬಂದು ನೋಡ್ತೀನಿ ಕಣೋ ಅಂತ ಹಾಗೇ ಇಟ್ಟಿದ್ದೇನೆ.