ನಾಲ್ಕು ವರ್ಷ ಒಂದೇ ಕಂಪನಿಯ ಕಾರು ವಿಮೆ: ಒಂದು ಬಂಪರ್ ಕಲಿಸಿದ ಲೆಕ್ಕ

2020ರ ಜುಲೈನಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ನನ್ನ 1,197 ಸಿಸಿ ಪೆಟ್ರೋಲ್ ಕಾರಿಗೆ, ಶೋರೂಮಿನವರೇ ಕೊಡಿಸಿದ ಕಂಪನಿಯ ವಿಮೆಯನ್ನು ನಾಲ್ಕು ವರ್ಷ ಬೇರೆ ಕಡೆ ವಿಚಾರಿಸದೆ ನವೀಕರಿಸುತ್ತ ಬಂದೆ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಸಂಜೆ ಕಾರನ್ನು ಹಿಮ್ಮುಖವಾಗಿ, ಹಳದಿ ಬಣ್ಣದ ಕಂಬದ ಪಕ್ಕಕ್ಕೆ ಒಂದು ಗೇಣು ಬಿಟ್ಟು ನಿಲ್ಲಿಸುವುದು ನನ್ನ ರೂಢಿ. 2023ರ ನವೆಂಬರಿನ ಒಂದು ಸಂಜೆ ಆ ಗೇಣು ತಪ್ಪಿ ಹಿಂದಿನ ಬಂಪರ್ ಸೀಳಿತು. ದುರಸ್ತಿಯ ಬಿಲ್ಲು 7,200 ರೂಪಾಯಿಯಾಯಿತು. ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಝೀರೋ ಡೆಪ್ ಇದ್ದುದರಿಂದ, ಕಡ್ಡಾಯವಾಗಿ ನಾವೇ ಕೊಡಬೇಕಾದ 1,000 ರೂಪಾಯಿ ಕಳೆದು 6,200 ರೂಪಾಯಿಯನ್ನು ಕಂಪನಿ ತಕರಾರಿಲ್ಲದೆ ಕೊಟ್ಟಿತು. ಆಗ ನಾನು ಬಹಳ ಸಂತೋಷಪಟ್ಟೆ.

ಆ ಸಂತೋಷ 2024ರ ಜುಲೈನ ನವೀಕರಣದ ಪತ್ರ ಬರುವವರೆಗೆ ಮಾತ್ರ ಉಳಿಯಿತು. ಮೂರು ವರ್ಷ ಕ್ಲೇಮ್ ಇಲ್ಲದೆ 20, 25, 35 ಶೇಕಡಾ ಎಂದು ಏರಿದ್ದ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಈ ಬಾರಿ 45 ಆಗಬೇಕಿತ್ತು, ಅದು ಸೊನ್ನೆಯಾಗಿತ್ತು. ಸಿಟ್ಟಿನಲ್ಲಿ ಹಲವು ಕಂಪನಿಗಳ ದರ ತೋರಿಸುವ ಜಾಲತಾಣವೊಂದಕ್ಕೆ ಹೋದಾಗ, ಅದೇ ಕಾರಿಗೆ ಹೆಚ್ಚುಕಡಿಮೆ ಅರ್ಧ ಬೆಲೆಯ ಪಾಲಿಸಿ ಕಂಡಿತು. ಹಳೆಯ ಕಂಪನಿ ಸುಲಿಗೆ ಮಾಡುತ್ತಿದೆ ಎಂದೇ ಭಾವಿಸಿದೆ.

ವಿವರ ತೆರೆದು ನೋಡಿದಾಗ ಆ ಅಗ್ಗದ ಗುಟ್ಟು ತಿಳಿಯಿತು. ಕಾರಿನ ಮೌಲ್ಯವನ್ನು (ಐಡಿವಿ) ಅಲ್ಲಿ 2,98,000 ಎಂದು ಇಳಿಸಲಾಗಿತ್ತು. ಏಳು ಲಕ್ಷದ ಕಾರಿಗೆ ನಾಲ್ಕು ವರ್ಷ ತುಂಬಿದರೆ ಪಟ್ಟಿಯ ಪ್ರಕಾರ 50 ಶೇಕಡಾ ಸವಕಳಿ ಕಳೆದು 3,50,000 ಇರಬೇಕು. ಝೀರೋ ಡೆಪ್ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ಕಳೆದ ವರ್ಷ ಕ್ಲೇಮ್ ಮಾಡಿಲ್ಲ’ ಎಂಬ ಉತ್ತರ ಮೊದಲೇ ತುಂಬಿದ್ದು, 45 ಶೇಕಡಾ ಬೋನಸ್ ಕಳೆದೇ ದರ ತೋರಿಸಲಾಗಿತ್ತು. ಅದನ್ನು ಹಾಗೆಯೇ ಬಿಟ್ಟು ಹಣ ಕಟ್ಟಿದ್ದರೆ, ಹೊಸ ಕಂಪನಿ ಹಳೆಯದರಿಂದ ದೃಢೀಕರಣ ಪಡೆದಾಗ ಸುಳ್ಳು ಹೊರಬಿದ್ದು, ಮುಂದಿನ ಕ್ಲೇಮಿಗೇ ಕುತ್ತು ಬರುತ್ತಿತ್ತು.

ಮೂರನ್ನೂ ಸರಿಪಡಿಸಿ, ಸಮಾನ ಷರತ್ತುಗಳಲ್ಲಿ ಹೋಲಿಸಿದ ಮೇಲೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. ಬೇರೆಯವರಿಗಾಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಭಾಗ ಸರ್ಕಾರ ನಿಗದಿಪಡಿಸಿದ್ದು. ನನ್ನ ಎಂಜಿನ್ನಿನ ಕಾರಿಗೆ 2024ರಲ್ಲಿ ಎಲ್ಲರಲ್ಲೂ 3,416 ರೂಪಾಯಿ ಇತ್ತು. ಅಂತರವೆಲ್ಲ ನಮ್ಮ ಕಾರಿಗಾಗುವ ಹಾನಿಯ ಭಾಗದಲ್ಲಿದೆ. ಅದಕ್ಕೆ 2007ರಿಂದ ಕಂಪನಿಗಳೇ ಬೆಲೆ ಕಟ್ಟುತ್ತವೆಯಾದರೂ, ಬಹಳಷ್ಟು ಕಡೆ ಲೆಕ್ಕ ಹಳೆಯ ದರಪಟ್ಟಿಯಿಂದಲೇ ಶುರುವಾಗುತ್ತದೆ. ಐದು ವರ್ಷದೊಳಗಿನ ನನ್ನಂಥ ಕಾರಿಗೆ ಬೆಂಗಳೂರು ಸೇರಿದ ‘ಎ’ ವಲಯದಲ್ಲಿ ಮೌಲ್ಯದ 3.283 ಶೇಕಡಾ, ಎಂದರೆ 11,490 ರೂಪಾಯಿ. ಅದರ ಮೇಲೆ ನನ್ನ ಕಂಪನಿ 40 ಶೇಕಡಾ ರಿಯಾಯಿತಿ ಕೊಟ್ಟು 6,894 ಕೇಳಿತು. ಇನ್ನೊಂದು 65 ಶೇಕಡಾ ಕೊಟ್ಟು 4,022 ಕೇಳಿತು. ಈ ಮಾದರಿಯ ಕಾರುಗಳಿಗೆ ತಾನು ಹಿಂದೆ ಎಷ್ಟು ಕ್ಲೇಮ್ ಕೊಟ್ಟಿದ್ದೇನೆ, ಬಿಡಿಭಾಗಗಳ ಬೆಲೆ ಎಷ್ಟು, ಆ ಊರಿನಲ್ಲಿ ಅಪಘಾತ ಮತ್ತು ಕಳವು ಎಷ್ಟು ಎಂಬ ಸ್ವಂತ ಅನುಭವದ ಮೇಲೆ ಪ್ರತಿ ಕಂಪನಿಯೂ ಈ ರಿಯಾಯಿತಿಯನ್ನು ನಿರ್ಧರಿಸುತ್ತದೆ.

ಊರು ಬದಲಾದರೆ ದರ ಬಹಳ ಇಳಿಯುತ್ತದೆ ಎಂಬ ತಪ್ಪು ಕಲ್ಪನೆ ನನಗಿತ್ತು. ತುಮಕೂರಿನಲ್ಲಿ ನೋಂದಣಿಯಾದ ತಮ್ಮನ ಇಂಥದೇ ಕಾರು ‘ಬಿ’ ವಲಯಕ್ಕೆ ಸೇರುತ್ತದೆ. ಅವನೀಗ ಬೆಂಗಳೂರಿನಲ್ಲೇ ಓಡಿಸುತ್ತಿದ್ದರೂ ನೋಂದಣಿಯ ಕಚೇರಿಯೇ ಲೆಕ್ಕಕ್ಕೆ. ಆದರೆ ಅಲ್ಲಿನ ದರ 3.191 ಶೇಕಡಾ, ನನ್ನ ಕಾರಿನ ಮೌಲ್ಯಕ್ಕೆ ಉಳಿಯುವುದು, ರಿಯಾಯಿತಿಗೆ ಮೊದಲೇ, ಬರೀ 322 ರೂಪಾಯಿ. ಅವನಿಗೆ ಅದಕ್ಕಿಂತಲೂ ಹೆಚ್ಚಿಗೆ ಉಳಿದದ್ದು ಅವನ ಬೋನಸ್ಸಿನಿಂದ.

ಬೋನಸ್ಸಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿದಾಗ ಸಿಟ್ಟು ಕಂಪನಿಯಿಂದ ನನ್ನ ಕಡೆಗೇ ತಿರುಗಿತು. ಕ್ಲೇಮ್ ಮಾಡದಿದ್ದರೆ ಈ ವರ್ಷ 45, ಆಮೇಲೆ ಪ್ರತಿ ವರ್ಷ 50 ಶೇಕಡಾ ಸಿಗುತ್ತಿತ್ತು. ಈಗ ಸೊನ್ನೆ, 20, 25, 35, 45 ಎಂದು ಮತ್ತೆ ಮೆಟ್ಟಿಲು ಹತ್ತಬೇಕು. ಐದು ವರ್ಷಗಳ ನಷ್ಟ ಕೂಡಿದರೆ 120 ಶೇಕಡಾ. 6,894ರ ಲೆಕ್ಕದಲ್ಲಿ 8,273 ರೂಪಾಯಿ. ಕಾರಿನ ಮೌಲ್ಯ ಇಳಿದಂತೆ ಅದು ತುಸು ತಗ್ಗಬಹುದು, 18 ಶೇಕಡಾ ಜಿಎಸ್‌ಟಿ ಸೇರಿ ಮತ್ತೆ ಏರುತ್ತದೆ. ಪಡೆದದ್ದು 6,200. ವಿಚಿತ್ರವೆಂದರೆ 4,022 ಕೇಳುವ ಕಂಪನಿಯಲ್ಲಿ ಇದ್ದಿದ್ದರೆ ಅದೇ ನಷ್ಟ 4,826. ಅಲ್ಲಿ ಅದೇ ಕ್ಲೇಮ್ ಲಾಭವೇ ಆಗುತ್ತಿತ್ತು.

ಹಳೆಯ ಕಂಪನಿಯ ಸೇವೆಯ ಬಗ್ಗೆ ನನಗೆ ದೂರಿಲ್ಲ. ಗ್ಯಾರೇಜಿನಿಂದ ಮೂರನೆಯ ದಿನಕ್ಕೆ ಕಾರು ಕೊಡಿಸಿದವರು ಅವರೇ. ಆದರೂ ತಿಂಗಳ ಸಂಬಳದಲ್ಲಿ ಬದುಕುವವನಿಗೆ 2,872 ರೂಪಾಯಿ ಸಣ್ಣದಲ್ಲ, ಹಾಗಾಗಿ ಕ್ಲೇಮ್ ಆಗಿದೆ ಎಂದು ನಿಜ ಹೇಳಿಯೇ ಎರಡನೆಯ ಕಂಪನಿಗೆ ಬದಲಾದೆ. ಕಳೆದ ವಾರ ಅದೇ ಹಳದಿ ಕಂಬ ಎಡಬಾಗಿಲಿಗೆ ತಾಗಿತು. ಬೀದಿಯ ಕೊನೆಯ ಪೇಂಟಿಂಗ್ ಅಂಗಡಿಯವನಿಗೆ ಕೈಯಿಂದಲೇ 1,800 ಕೊಟ್ಟೆ.