ಎಂಟು ವರ್ಷ ಬಳಸಿದ ಜಿಪಿಸಿ ಯಂತ್ರ: ಶಿಖರ, ಅದರ ಹೆಗಲು ಮತ್ತು ಡಿಸ್ಪರ್ಸಿಟಿ

ಪಾಲಿಮರ್ ಪ್ರಯೋಗಾಲಯವೊಂದರಲ್ಲಿ ಜೆಲ್ ಪರ್ಮಿಯೇಷನ್ ಕ್ರೊಮ್ಯಾಟೊಗ್ರಫಿ ಯಂತ್ರದ ಉಸ್ತುವಾರಿ ನನ್ನದು. ಎಲ್ಲರೂ ಅದನ್ನು ಜಿಪಿಸಿ ಎಂದೇ ಕರೆಯುತ್ತಾರೆ. ಬಂದು ಎಂಟು ವರ್ಷವಾಯಿತು. ಒಂದು ಪಂಪು, ಒಲೆಯೊಳಗೆ ಸಾಲಾಗಿ ಜೋಡಿಸಿದ ಎರಡು ಕಾಲಮ್‌ಗಳು, ವಕ್ರೀಭವನವನ್ನು ಅಳೆಯುವ ಒಂದು ಆರ್‌ಐ ಡಿಟೆಕ್ಟರ್, ಒಂದು ಕಂಪ್ಯೂಟರ್: ಇಷ್ಟೇ ಇದರ ಸಂಸಾರ. ಕೊಳ್ಳಬೇಕೆಂದಿರುವವರಿಗೂ, ಹೊರಗೆ ಮಾದರಿ ಕೊಟ್ಟು ವರದಿ ತರಿಸಿಕೊಳ್ಳುವವರಿಗೂ ಉಪಯೋಗವಾಗಲೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ. ನಾನು ಹೇಳುವ ಸಂಗತಿಗಳು ಈ ಬಗೆಯ ಯಾವ ಯಂತ್ರಕ್ಕೂ ಹೊಂದುತ್ತವೆ.

ಮೊದಲು ಅದು ಮಾಡುವ ಕೆಲಸ. ಕಾಲಮ್ ಎಂದರೆ 30 ಸೆಂಟಿಮೀಟರ್ ಉದ್ದದ ಸ್ಟೀಲ್ ಕೊಳವೆ. ಅದರೊಳಗೆ 5 ಮೈಕ್ರಾನ್ ಗಾತ್ರದ ಪಾಲಿಸ್ಟೈರೀನ್ ಜೆಲ್ ಮಣಿಗಳು ಒತ್ತಾಗಿ ತುಂಬಿರುತ್ತವೆ. ಒಂದೊಂದು ಮಣಿಯಲ್ಲೂ ಬೇರೆ ಬೇರೆ ಅಳತೆಯ ಸೂಕ್ಷ್ಮ ರಂಧ್ರಗಳಿವೆ. ಮಾದರಿಯನ್ನು ಟಿಎಚ್‌ಎಫ್ ದ್ರಾವಕದಲ್ಲಿ ಕರಗಿಸಿ, ಸೋಸಿ, ಹರಿಯಬಿಡುತ್ತೇವೆ. ದ್ರಾವಣದಲ್ಲಿ ಪಾಲಿಮರ್ ಸರಪಳಿ ನೂಲಿನ ಸಿಕ್ಕಿನಂತೆ ಸುರುಳಿಗೊಂಡಿರುತ್ತದೆ. ದೊಡ್ಡ ಸುರುಳಿ ರಂಧ್ರದೊಳಗೆ ಹೋಗಲಾರದು, ಮಣಿಗಳ ನಡುವಿನ ಸಂದಿಯಲ್ಲೇ ಸಾಗಿ ಮೊದಲು ಹೊರಬರುತ್ತದೆ. ಚಿಕ್ಕದು ಸಿಕ್ಕ ಸಿಕ್ಕ ರಂಧ್ರಗಳಿಗೆಲ್ಲ ಹೊಕ್ಕು ಹೊರಟು ತಡವಾಗಿ ಬರುತ್ತದೆ. ಜಾತ್ರೆಯ ಬೀದಿಯಲ್ಲಿ ತೇರು ನೇರವಾಗಿ ಸಾಗುತ್ತದೆ, ಮಕ್ಕಳು ಮಾತ್ರ ಪ್ರತಿ ಅಂಗಡಿಗೂ ನುಗ್ಗಿ ಕೊನೆಗೆ ಮನೆ ಸೇರುತ್ತಾರಲ್ಲ, ಹಾಗೆ. ಆದ್ದರಿಂದ ಯಂತ್ರ ತೂಗುವುದು ತೂಕವನ್ನಲ್ಲ, ದ್ರಾವಣದಲ್ಲಿ ಸುರುಳಿ ಆಕ್ರಮಿಸುವ ಗಾತ್ರವನ್ನು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಎರಡು ಕಾಲಮ್‌ಗಳಲ್ಲಿ ನಿಮಿಷಕ್ಕೆ ಒಂದು ಮಿಲಿಲೀಟರ್ ಹರಿವಿನಲ್ಲಿ, ಒಳಹೋಗಲಾಗದ ದೈತ್ಯ ಸರಪಳಿಗಳು ಸುಮಾರು 11ನೇ ನಿಮಿಷಕ್ಕೆ ಬರುತ್ತವೆ. ಎಲ್ಲ ರಂಧ್ರಗಳಿಗೂ ಹೊಕ್ಕುವ ಪುಟ್ಟ ಅಣುಗಳು 20ನೇ ನಿಮಿಷದ ಆಸುಪಾಸಿನಲ್ಲಿ ಬರುತ್ತವೆ. ಅಣುತೂಕದ ಕಥೆಯೆಲ್ಲ ಈ ಒಂಬತ್ತು ನಿಮಿಷಗಳಲ್ಲಿ ಮುಗಿಯಬೇಕು. ಯಾವ ನಿಮಿಷಕ್ಕೆ ಯಾವ ಅಣುತೂಕ ಎಂಬುದನ್ನು, ಅಣುತೂಕ ಮೊದಲೇ ತಿಳಿದಿರುವ ಪಾಲಿಸ್ಟೈರೀನ್ ಸ್ಟ್ಯಾಂಡರ್ಡ್‌ಗಳನ್ನು ಓಡಿಸಿ ಗುರುತು ಮಾಡಿಕೊಳ್ಳುತ್ತೇವೆ. ಅಣುತೂಕದ ಲಾಗರಿದಮ್ ಅನ್ನು ಸಮಯದ ಎದುರು ಬರೆದರೆ ನಡುಭಾಗದಲ್ಲಿ ಹೆಚ್ಚುಕಡಿಮೆ ನೇರ ಗೆರೆ ಸಿಗುತ್ತದೆ. ನಮ್ಮಲ್ಲಿ ಎರಡು ಮಿಲಿಲೀಟರ್‌ಗೆ ಅಣುತೂಕ ಸುಮಾರು ಹತ್ತು ಪಟ್ಟು ಬದಲಾಗುತ್ತದೆ.

ಡಿಟೆಕ್ಟರ್ ಪ್ರತಿ ಕ್ಷಣದಲ್ಲೂ ಎಷ್ಟು ಪಾಲಿಮರ್ ಹೊರಬರುತ್ತಿದೆ ಎಂಬುದನ್ನು ಎತ್ತರವಾಗಿ ತೋರಿಸುತ್ತದೆ. ಆ ಎತ್ತರ ಹೇಳುವುದು ಗ್ರಾಮಿನ ಲೆಕ್ಕವನ್ನು, ಸರಪಳಿಗಳ ಎಣಿಕೆಯನ್ನಲ್ಲ. ಶಿಖರವನ್ನು ಸಣ್ಣ ಸಣ್ಣ ಹೋಳುಗಳಾಗಿ ಕತ್ತರಿಸಿ, ಪ್ರತಿ ಹೋಳಿನ ಎತ್ತರ h, ಅಲ್ಲಿನ ಅಣುತೂಕ M ಎಂದಿಟ್ಟುಕೊಂಡರೆ ಲೆಕ್ಕ ಹೀಗೆ:

```
Mn = Σh / Σ(h/M)
Mw = Σ(h·M) / Σh
Đ  = Mw / Mn
```

Mn ಎಂದರೆ ಸರಪಳಿಗಳನ್ನು ತಲೆ ಎಣಿಸಿ ತೆಗೆದ ಸರಾಸರಿ. Mw ಎಂದರೆ ತೂಕಕ್ಕೆ ಮರ್ಯಾದೆ ಕೊಟ್ಟು ತೆಗೆದ ಸರಾಸರಿ. ಹತ್ತು ಸಾವಿರ ಅಣುತೂಕದ ಒಂದು ಗ್ರಾಂ, ಒಂದು ಲಕ್ಷ ಅಣುತೂಕದ ಒಂದು ಗ್ರಾಂ ಬೆರೆಸಿದೆವು ಎನ್ನೋಣ. ಚಿಕ್ಕ ಸರಪಳಿಗಳು ಎಣಿಕೆಯಲ್ಲಿ ಹತ್ತು ಪಟ್ಟು ಹೆಚ್ಚು, ಆದ್ದರಿಂದ Mn ಸುಮಾರು 18,200ಕ್ಕೆ ಇಳಿಯುತ್ತದೆ. ತೂಕದಲ್ಲಿ ಎರಡೂ ಸಮ, ಹಾಗಾಗಿ Mw 55,000. ಎರಡರ ಅನುಪಾತ ಸುಮಾರು 3. ಅದೇ ಡಿಸ್ಪರ್ಸಿಟಿ, ಚಿಹ್ನೆ Đ. ಹಿಂದೆ ಇದನ್ನು ಪಾಲಿಡಿಸ್ಪರ್ಸಿಟಿ ಇಂಡೆಕ್ಸ್ ಎನ್ನುತ್ತಿದ್ದರು. ಐಯುಪಿಎಸಿ 2009ರಲ್ಲಿ ಡಿಸ್ಪರ್ಸಿಟಿ ಎಂಬ ಹೆಸರನ್ನು ಶಿಫಾರಸು ಮಾಡಿತು. ಎಲ್ಲ ಸರಪಳಿಗಳೂ ಒಂದೇ ಉದ್ದವಿದ್ದರೆ Đ ಸರಿಯಾಗಿ 1, ಅದಕ್ಕಿಂತ ಕಡಿಮೆ ಬರುವಂತಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೊಸಬರಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ. Đ 1.1 ಎಂದರೆ ಸರಪಳಿಗಳು ಬಹುತೇಕ ಸಮಾನ ಎಂದು ಅನಿಸುತ್ತದೆ. ನಿಜದಲ್ಲಿ ಸರಪಳಿ ಉದ್ದದ ಪ್ರಮಾಣ ವಿಚಲನೆ, Mn ಅನ್ನು Đ−1ರ ವರ್ಗಮೂಲದಿಂದ ಗುಣಿಸಿದಷ್ಟು. 0.1ರ ವರ್ಗಮೂಲ 0.32. Mn 20,000 ಇರುವ ಮಾದರಿಯಲ್ಲಿ ವಿಚಲನೆಯೇ 6,300! ಕಿರಿದು ಎಂದು ನಾವು ಹೆಮ್ಮೆಪಡುವ ಪಾಲಿಮರ್‌ನಲ್ಲೂ 14,000ದ ಸರಪಳಿ, 26,000ದ ಸರಪಳಿ ಧಾರಾಳವಾಗಿ ಇರುತ್ತವೆ.

ಈ ಎಂಟು ವರ್ಷಗಳಲ್ಲಿ ಯಂತ್ರ ನನಗೆ ಕಲಿಸಿದ ದೊಡ್ಡ ಪಾಠ ಮೂರು ವರ್ಷದ ಹಿಂದಿನದು. ಒಬ್ಬ ಸಂಶೋಧನಾ ವಿದ್ಯಾರ್ಥಿ ಸೈಕ್ಲೋಹೆಕ್ಸೇನ್‌ನಲ್ಲಿ ಸೆಕೆಂಡರಿ ಬ್ಯುಟೈಲ್ ಲಿಥಿಯಂ ಬಳಸಿ ಪಾಲಿಸ್ಟೈರೀನ್ ತಯಾರಿಸುತ್ತಿದ್ದ. ಹತ್ತು ಗ್ರಾಂ ಸ್ಟೈರೀನ್, ಅರ್ಧ ಮಿಲಿಮೋಲ್ ಆರಂಭಕ. ಲೆಕ್ಕದ ಪ್ರಕಾರ ಅಣುತೂಕ 20,000 ಆಗಬೇಕು. ಈ ಬಗೆಯ ಆನಯಾನಿಕ್ ಪಾಲಿಮರೀಕರಣದಲ್ಲಿ ಸರಪಳಿಗಳೆಲ್ಲ ಬಹುತೇಕ ಒಟ್ಟಿಗೆ ಹುಟ್ಟಿ ಒಟ್ಟಿಗೆ ಬೆಳೆಯುತ್ತವೆ, ತಾವಾಗಿ ಸಾಯುವುದಿಲ್ಲ. ಕೊನೆಯಲ್ಲಿ ಮೆಥನಾಲ್ ಹಾಕಿ ನಿಲ್ಲಿಸಬೇಕು. ವರದಿಯಲ್ಲಿ Mn 22,300, Đ 1.08 ಬಂತು. ಅವನು ಸಂತೋಷದಿಂದ ಬಂದು, "ಸರ್, 1.1ಕ್ಕಿಂತ ಕಡಿಮೆ ಬಂದಿದೆ, ಇದನ್ನೇ ಮುಂದಿನ ಹಂತಕ್ಕೆ ತೆಗೆದುಕೊಳ್ಳಲೇ?" ಎಂದು ಕೇಳಿದ. ನಾನು ಸಂಖ್ಯೆ ಬಿಟ್ಟು ವಕ್ರರೇಖೆ ತೆರೆಯಲು ಹೇಳಿದೆ.

ಮುಖ್ಯ ಶಿಖರಕ್ಕೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಮುಂಚೆ, ಎಡಗಡೆಯಲ್ಲಿ, ಒಂದು ಸಣ್ಣ ಹೆಗಲು ಇತ್ತು. ಮುಖ್ಯ ಶಿಖರ 21,000ದಲ್ಲಿ, ಹೆಗಲು 42,000ದಲ್ಲಿ. ಎರಡು ಪಟ್ಟು ಎಂಬುದೇ ಸುಳಿವು. ಮೆಥನಾಲ್‌ನಲ್ಲಿ ಗಾಳಿ ಕರಗಿತ್ತು. ಅದರ ಆಮ್ಲಜನಕ ಜೀವಂತ ಸರಪಳಿಗಳ ತುದಿಗಳನ್ನು ಎರಡೆರಡಾಗಿ ಬೆಸೆದಿತ್ತು. ಹೆಗಲಿನ ವಿಸ್ತೀರ್ಣ ಒಟ್ಟು ತೂಕದ ಶೇ 12ರಷ್ಟಿತ್ತು. ಇದನ್ನು ಸೂತ್ರಕ್ಕೆ ಹಾಕಿ ನೋಡಿ. ಎರಡೂ ಭಾಗಗಳಿಗೆ ಪ್ರತ್ಯೇಕವಾಗಿ Đ 1.03 ಎಂದಿಟ್ಟುಕೊಂಡರೆ ಒಟ್ಟು Mn ಸುಮಾರು 22,300, Mw ಸುಮಾರು 24,200, Đ 1.08. ಅಂದರೆ ಎಂಟರಲ್ಲೊಂದು ಪಾಲು ವಸ್ತು ತಪ್ಪಾದದ್ದು, ಆದರೂ Đ ಎಂಬ ಒಂಟಿ ಅಂಕಿಗೆ ಅದು ತಿಳಿಯಲೇ ಇಲ್ಲ. ಸಮವಾಗಿ ಅಗಲವಾದ ಒಂದೇ ಶಿಖರಕ್ಕೂ 1.08 ಬರಬಹುದು, ಜೋಡಿ ಶಿಖರಕ್ಕೂ 1.08 ಬರಬಹುದು. ಮುಂದಿನ ಬಾರಿ ಅವನು ಮೆಥನಾಲ್‌ನೊಳಗೆ ಆರ್ಗಾನ್ ಹಾಯಿಸಿ ಗಾಳಿ ತೆಗೆದು ಬಳಸಿದ. ಹೆಗಲು ಮಾಯವಾಯಿತು, Đ 1.03 ಬಂತು. ಅಂದಿನಿಂದ ವಕ್ರರೇಖೆ ಇಲ್ಲದ ವರದಿಯನ್ನು ನಾನು ಯಾರಿಗೂ ಕೊಡುವುದಿಲ್ಲ, ಹೊರಗಿನಿಂದ ಬಂದರೆ ಒಪ್ಪುವುದೂ ಇಲ್ಲ.

ಇನ್ನು ಯಂತ್ರದ ದೋಷಗಳು. ನನ್ನನ್ನು ಹೆಚ್ಚು ಕಾಡಿದ್ದು ಪಂಪು. ಐದನೇ ವರ್ಷದಲ್ಲಿ ಎಲ್ಲರ ಅಣುತೂಕವೂ ನಿಧಾನವಾಗಿ ಕಡಿಮೆಯಾಗತೊಡಗಿತು. ಎಲ್ಲರೂ ತಮ್ಮ ತಮ್ಮ ರಾಸಾಯನಿಕಗಳನ್ನು ಅನುಮಾನಿಸಿದರು. ಕಾರಣ ಪಂಪಿನ ಸವೆದ ಸೀಲ್. ಹರಿವು ಕೇವಲ ಶೇ 1ರಷ್ಟು ಕುಗ್ಗಿತ್ತು. 15ನೇ ನಿಮಿಷದ ಶಿಖರ 0.15 ನಿಮಿಷ ತಡವಾಗುತ್ತದೆ, ಅಷ್ಟೇ ತಾನೇ ಎನಿಸಬಹುದು. ಆದರೆ ಅಣುತೂಕ ಲಾಗರಿದಮ್ ಅಳತೆಯಲ್ಲಿ ಓಡುವುದರಿಂದ ಶೇ 1ರ ತಪ್ಪು ಅಣುತೂಕದಲ್ಲಿ ಶೇ 15ಕ್ಕೂ ಹೆಚ್ಚಾಗುತ್ತದೆ. ಈಗ ಪ್ರತಿ ಮಾದರಿಗೂ ಒಂದು ಹನಿಯ ಅಂಶದಷ್ಟು ಟೊಲುಯೀನ್ ಸೇರಿಸುತ್ತೇನೆ. ಅದು ಯಾವಾಗಲೂ ಕೊನೆಯಲ್ಲಿ, ಒಂದೇ ಜಾಗದಲ್ಲಿ ಬರಬೇಕು. 19.8 ನಿಮಿಷಕ್ಕೆ ಬರಬೇಕಾದದ್ದು 20.0ಕ್ಕೆ ಬಂದರೆ ಆ ದಿನದ ಅಂಕಿಗಳನ್ನು ನಂಬುವಂತಿಲ್ಲ. ಈ ಉಪಾಯವನ್ನು ಯಂತ್ರ ಮಾರಿದವರು ಮೊದಲ ದಿನವೇ ಹೇಳಿಕೊಡಬೇಕಿತ್ತು. ಹೇಳಲಿಲ್ಲ ಎಂಬ ಬೇಸರ ಇಂದಿಗೂ ಇದೆ.

ಕಾಲಮ್‌ಗಳು ಹಳೆಯದಾಗುವುದನ್ನೂ Đ ಮೂಲಕವೇ ಗುರುತಿಸಬಹುದು. ಕಾಲಮ್‌ನೊಳಗೆ ಯಾವ ಶಿಖರವೂ ತುಸು ಹರಡಿಕೊಳ್ಳುತ್ತದೆ, ಆ ಹರಡುವಿಕೆಯನ್ನೂ ಸಾಫ್ಟ್‌ವೇರ್ ಪಾಲಿಮರ್‌ನ ಗುಣವೆಂದೇ ಎಣಿಸುತ್ತದೆ. ಹೊಸತರಲ್ಲಿ 1.04 ತೋರಿಸುತ್ತಿದ್ದ ಸ್ಟ್ಯಾಂಡರ್ಡ್ ನಾಲ್ಕನೇ ವರ್ಷಕ್ಕೆ 1.08 ತೋರಿಸಿತು. ಬಾಟಲಿಯೊಳಗಿನ ಪಾಲಿಮರ್ ಬದಲಾಗಿರಲಿಲ್ಲ, ಕಾಲಮ್ ಸವೆದಿತ್ತು. ಸರಿಯಾಗಿ ಸೋಸದ, ಅರ್ಧ ಜೆಲ್ ಆದ ಮಾದರಿಗಳು ಅದರ ಆಯಸ್ಸು ಕಡಿಮೆ ಮಾಡಿದ್ದವು. ಒತ್ತಡ ಏರುತ್ತಿದ್ದರೂ ನಾವು ಲಕ್ಷ್ಯ ಕೊಟ್ಟಿರಲಿಲ್ಲ.

ಶಿಖರದ ಬುಡವನ್ನು ಗುರುತಿಸುವ ಗೆರೆಯನ್ನು, ಅಂದರೆ ಬೇಸ್‌ಲೈನ್ ಅನ್ನು, ಎಳೆಯುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಡಬೇಡಿ. ಬಲತುದಿಯಲ್ಲಿ, ಚಿಕ್ಕ ಸರಪಳಿಗಳ ಕಡೆ, ಗೆರೆಯನ್ನು ಸ್ವಲ್ಪ ಮುಂದೆ ಎಳೆದರೂ Mn ಬಿದ್ದುಹೋಗುತ್ತದೆ, ಏಕೆಂದರೆ ಅಲ್ಲಿ h ಅನ್ನು ಸಣ್ಣ M ಭಾಗಿಸುತ್ತದೆ. Mw ಹೆಚ್ಚು ಅಲುಗುವುದಿಲ್ಲ. ಒಂದೇ ಓಟವನ್ನು ಇಬ್ಬರು ಲೆಕ್ಕ ಹಾಕಿದಾಗ Đ ಬೇರೆ ಬೇರೆ ಬಂದರೆ ಮೊದಲು ನೋಡಬೇಕಾದದ್ದು ಇಲ್ಲಿ. ಆರ್‌ಐ ಡಿಟೆಕ್ಟರ್ ತಾಪಮಾನಕ್ಕೆ ಬಹಳ ಸೂಕ್ಷ್ಮ. ಕರೆಂಟ್ ಹೋಗಿ ಎಸಿ ನಿಂತರೆ ಗೆರೆ ತೇಲಾಡುತ್ತದೆ, ಮತ್ತೆ ನೆಲೆಗೊಳ್ಳಲು ಗಂಟೆಗಳೇ ಬೇಕು. ಯುಪಿಎಸ್ ಇಲ್ಲದೆ ಇದನ್ನು ಕೊಳ್ಳಬಾರದು. ದ್ರಾವಕದ ಖರ್ಚನ್ನೂ ಲೆಕ್ಕಕ್ಕಿಡಿ: ಪೂರ್ಣ ಹರಿವಿನಲ್ಲಿ ಹಗಲಿರುಳು ಓಡಿದರೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಟಿಎಚ್‌ಎಫ್ ಬೇಕು.

ಕೊನೆಯದಾಗಿ, ಮೊದಲು ನೆನಪಿಟ್ಟುಕೊಳ್ಳಿ ಎಂದ ಮಾತಿಗೆ ಬರುತ್ತೇನೆ. ಯಂತ್ರ ಅಳೆಯುವುದು ಗಾತ್ರವನ್ನು, ಗಾತ್ರವನ್ನು ತೂಕಕ್ಕೆ ತಿರುಗಿಸುವುದು ಪಾಲಿಸ್ಟೈರೀನ್ ಗೆರೆಯಿಂದ. ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಂಥ ಸರಪಳಿ ಅದೇ ತೂಕದ ಪಾಲಿಸ್ಟೈರೀನ್‌ಗಿಂತ ದ್ರಾವಣದಲ್ಲಿ ಹೆಚ್ಚು ಉಬ್ಬಿರುತ್ತದೆ. ಆದ್ದರಿಂದ ಯಂತ್ರ 45,000 ಎಂದರೆ ನಿಜವಾದದ್ದು 25,000ದ ಹತ್ತಿರ. ಇದಕ್ಕೆ 0.56 ಎಂಬ ತಿದ್ದುಪಡಿ ಗುಣಾಂಕವನ್ನು ಬಹಳ ಜನ ಬಳಸುತ್ತಾರೆ. ವರದಿಯಲ್ಲಿ "ಪಾಲಿಸ್ಟೈರೀನ್ ಸಮಾನ" ಎಂದು ಬರೆಯದೆ ಬರಿ ಅಣುತೂಕ ಎಂದು ಬರೆಯುವುದು ಓದುವವರಿಗೆ ಮಾಡುವ ಅನ್ಯಾಯ.

ಮತ್ತೊಮ್ಮೆ ಕೊಳ್ಳುವ ಅವಕಾಶ ಸಿಕ್ಕರೆ ಇದೇ ಬಗೆಯ ಯಂತ್ರವನ್ನೇ ಕೊಳ್ಳುತ್ತೇನೆ. ಆದರೆ ತಾನಾಗಿ ಮಾದರಿ ಚುಚ್ಚುವ ಆಟೋಸ್ಯಾಂಪ್ಲರ್‌ಗೆ ಕೊಟ್ಟ ಹಣವನ್ನು ಬೆಳಕಿನ ಚದುರುವಿಕೆಯಿಂದ ಅಣುತೂಕವನ್ನು ನೇರವಾಗಿ ಅಳೆಯುವ ಎರಡನೇ ಡಿಟೆಕ್ಟರ್‌ಗೆ ಹಾಕುತ್ತೇನೆ. ಮಾದರಿಯನ್ನು ಕೈಯಲ್ಲೇ ಚುಚ್ಚಬಹುದು. ಸ್ಟ್ಯಾಂಡರ್ಡ್ ಸಿಗದ ಪಾಲಿಮರ್‌ನ ಅಣುತೂಕವನ್ನು ಮಾತ್ರ ಕೈಯಲ್ಲಿ ಊಹಿಸಲಾಗದು.